ಹುಳುವಿನ ಜ್ವರ ಇಂಗ್ಲಿಷಿನಲ್ಲಿ ಏನಾಗುತ್ತದೆ?

ಇಂಗ್ಲಿಷಿನಲ್ಲಿ ಸ್ವಲ್ಪ ಹೆಚ್ಚು ಅಂಕ ತೆಗೆದವರಿಗೆ ದ್ವಿತೀಯ ಪಿಯುಸಿಯಲ್ಲಿ ಒಂದು ಕೆಲಸ ತಾನಾಗಿಯೇ ಬಂದು ಸೇರುತ್ತದೆ. ಯಾರಾದರೂ ಒಂದು ಹಾಳೆ ತಂದು, "ಇದನ್ನ ಸ್ವಲ್ಪ ಇಂಗ್ಲಿಷ್‌ಗೆ ಮಾಡಿಕೊಡು" ಎನ್ನುತ್ತಾರೆ. ರಜೆಯ ಅರ್ಜಿಯಾದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಈ ಸಲ ನನ್ನ ಕೈಗೆ ಬಂದದ್ದು ಪರ್ಸನಲ್ ಸ್ಟೇಟ್‌ಮೆಂಟ್. ಕೆಲವು ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ಜೊತೆಗೆ, "ನೀವು ಯಾರು, ಈ ವಿಷಯವನ್ನು ಏಕೆ ಓದಬೇಕೆಂದಿದ್ದೀರಿ" ಎಂದು ನಮ್ಮ ಮಾತಿನಲ್ಲೇ ಬರೆದುಕೊಡಲು ಕೇಳುತ್ತವೆ. ಆ ಬರಹವೇ ಇದು. ಅದನ್ನು ಕನ್ನಡದಿಂದ ಇಂಗ್ಲಿಷಿಗೆ ತರಲು ಹೋಗಿ ನಾನು ಮೊದಲು ತಪ್ಪು ಮಾಡಿದೆ, ಆಮೇಲೆ ಒಂದು ದಾರಿ ಸಿಕ್ಕಿತು. ನಮ್ಮ ಕಾಲೇಜಿನಲ್ಲಿ ಈ ಸಹಾಯ ಹೇಗೆ ನಡೆಯಬೇಕು ಎಂಬ ಬಗ್ಗೆ ಈಗ ನನಗೊಂದು ಅಭಿಪ್ರಾಯವಿದೆ. ಅದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಹಾಳೆ ತಂದವಳು ನನ್ನ ಸಹಪಾಠಿ. ಕನಕಪುರ ಕಡೆಯ ಹಳ್ಳಿಯವಳು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವರ ಮನೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ನಮ್ಮ ಅಬ್ಬಾ ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಮಾಡುವವರು. ಅಂದರೆ ಅವರಪ್ಪ ಗೂಡು ಮಾರುವ ಮಾರುಕಟ್ಟೆಯಲ್ಲೇ ನಮ್ಮ ಅಬ್ಬಾ ಗೂಡು ಕೊಳ್ಳುತ್ತಾರೆ. ಅವಳು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರ ಪದವಿಗಾಗಿ ಅರ್ಜಿ ಹಾಕುತ್ತಿದ್ದಳು. ಶುಲ್ಕ ವಿನಾಯಿತಿ ಸಿಗದಿದ್ದರೆ ಅಲ್ಲಿ ಓದುವ ಮಾತೇ ಇರಲಿಲ್ಲ. ಐನೂರು ಪದಗಳ ಮಿತಿ, ಆಯ್ಕೆಯಾದರೆ ಸಂದರ್ಶನ. ಅವಳು ಕನ್ನಡದಲ್ಲಿ ಮೂರು ಪುಟ ಬರೆದು ತಂದಿದ್ದಳು.

ನಾನು ಆ ಮೂರು ಪುಟವನ್ನು ಒಂದೇ ರಾತ್ರಿಯಲ್ಲಿ ಇಂಗ್ಲಿಷ್ ಮಾಡಿದೆ. ರೇಷ್ಮೆ ಕೃಷಿ ನಮ್ಮ ನಾಡಿನ ಬೆನ್ನೆಲುಬು ಎಂದು ಶುರುಮಾಡಿ, ಅವಳು 'ಪ್ಯಾಶನೇಟ್', 'ಡೆಡಿಕೇಟೆಡ್', 'ಹಾರ್ಡ್‌ವರ್ಕಿಂಗ್' ಎಂದೆಲ್ಲ ಸೇರಿಸಿದೆ. ನನಗೆ ತುಂಬಾ ಚೆನ್ನಾಗಿ ಬಂದಿದೆ ಅನ್ನಿಸಿತು. ಮರುದಿನ ಗ್ರಂಥಾಲಯದಲ್ಲಿ ಅವಳು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಒಂದು ಕಡೆ ನಿಂತಳು. "ಹಳ್ಳಿಯ ರೈತ ಮಹಿಳೆಯರಿಗೆ ಲೆಕ್ಕಪತ್ರದ ತರಬೇತಿ ಕೊಟ್ಟಿದ್ದೇನೆ ಅಂತ ಇದೆಯಲ್ಲ, ಇದು ಯಾರು ಕಣೇ?" ಎಂದಳು.

"ನೀನೇ. ಪಕ್ಕದ ಮನೆ ಚಿಕ್ಕಮ್ಮನಿಗೆ ಲೆಕ್ಕ ತೋರಿಸಿಕೊಟ್ಟೆ ಅಂತ ಬರೆದಿದ್ದೀಯಲ್ಲ."

"ತೋರಿಸಿಕೊಟ್ಟೆ ಅಷ್ಟೆ. ಒಂದು ಸಲ. ಸಂದರ್ಶನದಲ್ಲಿ ಎಷ್ಟು ಜನಕ್ಕೆ ಕೊಟ್ಟೆ ಅಂತ ಕೇಳಿದ್ರೆ ಏನು ಹೇಳ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಸುಳ್ಳು ಹೇಳಬೇಕೆಂದು ನಾನು ಬರೆದಿರಲಿಲ್ಲ. ಇಂಗ್ಲಿಷ್ ಗಟ್ಟಿಯಾಗಿರಲಿ ಎಂದು 'ತೋರಿಸಿದೆ' ಎಂಬುದನ್ನು 'ಟ್ರೇನ್ಡ್' ಮಾಡಿದೆ, ಒಬ್ಬ ಚಿಕ್ಕಮ್ಮನನ್ನು ಮಹಿಳೆಯರ ಗುಂಪು ಮಾಡಿದೆ. ಪದ ದೊಡ್ಡದಾದಾಗ ಅದರ ಹಿಂದಿನ ಸಂಗತಿಯೂ ದೊಡ್ಡದಾಯಿತು, ಮತ್ತು ಅದು ಅವಳದ್ದಾಗಿ ಉಳಿಯಲಿಲ್ಲ. ಸಹಾಯ ಮಾಡುವವರು ಸುಲಭವಾಗಿ ಮಾಡುವ ತಪ್ಪು ಇದೇ. ಇದಕ್ಕೆ ಬೆಲೆ ಕೊಡಬೇಕಾದವರು ಮಾತ್ರ ಅರ್ಜಿದಾರರು.

ಎರಡನೇ ತಪ್ಪು ಇನ್ನೂ ಹೇಳಿಕೊಳ್ಳಲಾಗದ್ದು. ಅವಳು "ಮೂರನೇ ಜ್ವರ ಮುಗಿದ ಮೇಲೆ" ಎಂದು ಬರೆದಿದ್ದಳು. ನಾನು ಹುಳುಗಳಿಗೆ 'ಫೀವರ್' ಬಂತು ಎಂದು ಬರೆದೆ. ನೂಲು ತೆಗೆಯುವ ಮನೆಯಲ್ಲಿ ಹುಟ್ಟಿದ್ದರೂ ಹುಳು ಸಾಕುವವರ ಮಾತು ನನಗೆ ಗೊತ್ತಿರಲಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದನ್ನೇ ರೈತರು ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ 'ಮೋಲ್ಟ್' ಎಂಬ ಪದವಿದೆ. ಹಾಗೆಯೇ "100 ಮೊಟ್ಟೆ ಸಾಕಿದೆವು" ಎಂಬುದನ್ನು ನಾನು 'ಹಂಡ್ರೆಡ್ ಎಗ್ಸ್' ಎಂದು ಬರೆದಿದ್ದೆ. ರೈತರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಅದರಲ್ಲಿ ಸುಮಾರು ನಾನೂರು ಐನೂರು ಮೊಟ್ಟೆಗಳಿರುತ್ತವೆ. ಇಂಗ್ಲಿಷಿನಲ್ಲಿ ಆ ಗುಂಪಿಗೆ 'ಲೇಯಿಂಗ್' ಎನ್ನುತ್ತಾರೆ. ನನ್ನ ಇಂಗ್ಲಿಷಿನಲ್ಲಿ ಅವರ ಮನೆಯ ನಲವತ್ತು ಸಾವಿರಕ್ಕೂ ಹೆಚ್ಚು ಹುಳುಗಳು ನೂರಕ್ಕೆ ಇಳಿದಿದ್ದವು. ಓದುವವರು ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಮಾತೇ ಎಂದುಕೊಳ್ಳುತ್ತಿದ್ದರು.

ಅಲ್ಲಿಂದ ನಾವು ಮೊದಲಿಂದ ಶುರುಮಾಡಿದೆವು. ನನ್ನ ಇಂಗ್ಲಿಷ್ ಹಾಳೆಯನ್ನು ಪಕ್ಕಕ್ಕಿಟ್ಟು ಅವಳ ಕನ್ನಡದ ಮೂರು ಪುಟಕ್ಕೆ ವಾಪಸು ಹೋದೆವು. ಈ ಸಲ ಅನುವಾದ ಮಾಡಲಿಲ್ಲ, ಮೊದಲು ಸೋಸಿದೆವು.

ಸೋಸಲು ನಾವು ಬಳಸಿದ ಜರಡಿ ಬ್ರಿಟನ್ನಿನದು. ಅಲ್ಲಿ ಪದವಿ ಪ್ರವೇಶದ ಬಹುತೇಕ ಅರ್ಜಿಗಳು ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. ಮೊದಲು ಅಲ್ಲಿಯೂ ಒಂದೇ ಉದ್ದದ ಪ್ರಬಂಧ ಬರೆಯಬೇಕಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಈ ವಿಷಯವನ್ನು ಏಕೆ ಓದಬೇಕೆಂದಿದ್ದೀರಿ? ನಿಮ್ಮ ಓದು ನಿಮ್ಮನ್ನು ಇದಕ್ಕೆ ಹೇಗೆ ಸಿದ್ಧಗೊಳಿಸಿದೆ? ಓದಿನ ಹೊರಗೆ ಏನು ಮಾಡಿದ್ದೀರಿ, ಅದು ಏಕೆ ಉಪಯುಕ್ತ? ಮೂರೂ ಉತ್ತರ ಸೇರಿ ಖಾಲಿ ಜಾಗವೂ ಲೆಕ್ಕಕ್ಕೆ ಬಂದು 4,000 ಅಕ್ಷರ ಮೀರುವಂತಿಲ್ಲ. ನಮ್ಮ ಅರ್ಜಿ ಅಲ್ಲಿಗೆ ಹೋಗುವುದಿರಲಿಲ್ಲ. ಆದರೂ ಓದುವವರಿಗೆ ಏನು ಬೇಕು ಎಂಬುದು ಆ ಮೂರು ಪ್ರಶ್ನೆಗಳಿಂದ ಸ್ಪಷ್ಟವಾಯಿತು. ಅವಳ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ 1, 2 ಅಥವಾ 3 ಎಂದು ಬರೆಯುತ್ತಾ ಹೋದೆವು. ಯಾವ ಸಂಖ್ಯೆಯೂ ಹೊಂದದ ವಾಕ್ಯಕ್ಕೆ ಗೆರೆ ಎಳೆದೆವು.

ಮೊದಲ ಪುಟ ಪೂರ್ತಿ ಹೋಯಿತು. ಅವಳಿಗೆ ಬೇಸರವಾಯಿತು, ಆದರೆ ಕಾರಣ ಅವಳಲ್ಲ. ಕನ್ನಡ ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಬೇಕೆಂದು ನಾವೆಲ್ಲ ಪ್ರೌಢಶಾಲೆಯಿಂದ ಕಲಿತಿದ್ದೇವೆ. ಪೀಠಿಕೆಯಲ್ಲಿ ಒಂದು ಗಾದೆ, ವಿಷಯದ ಮಹತ್ವ, ದೇಶಕ್ಕೆ ಅದರ ಕೊಡುಗೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿದೆ. ಇಲ್ಲಿ ಓದುವವರಿಗೆ ರೇಷ್ಮೆಯ ಮಹತ್ವ ಬೇಕಿಲ್ಲ, ಈ ಹುಡುಗಿ ಏನು ಮಾಡಿದಳು, ಏನು ಗಮನಿಸಿದಳು ಎಂಬುದು ಬೇಕು.

ಅದು ಮೂರನೇ ಪುಟದಲ್ಲಿ, ಒಂದೇ ವಾಕ್ಯದಲ್ಲಿ ಅಡಗಿ ಕೂತಿತ್ತು. ಅವಳು ಬರೆದದ್ದು ಹೀಗೆ: "ನಮ್ಮ ಮನೆಯಲ್ಲಿ ಮಾರುಕಟ್ಟೆಯ ಚೀಟಿಗಳನ್ನು ತೆಗೆದಿಟ್ಟು ಲೆಕ್ಕ ಬರೆದಿಡಲಾಗುತ್ತಿದ್ದು, ಇದರಿಂದ ದರ ಹೆಚ್ಚಿದ ಮಾತ್ರಕ್ಕೆ ಆದಾಯ ಹೆಚ್ಚುವುದಿಲ್ಲ ಎಂಬ ಅರಿವು ಮೂಡಿತು."

ಈ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಚೀಟಿ ತೆಗೆದಿಟ್ಟವರು ಯಾರು? ಲೆಕ್ಕ ಬರೆದವರು ಯಾರು? ಅರಿವು ಯಾರಿಗೆ ಮೂಡಿತು? ಕೇಳಿದೆ. "ನಾನೇ" ಎಂದಳು, ಸ್ವಲ್ಪ ನಾಚಿಕೊಂಡು. ನಾನು ಮಾಡಿದೆ, ನಾನು ಮಾಡಿದೆ ಎಂದು ಬರೆದರೆ ಜಂಭದಂತೆ ಕಾಣುತ್ತದೆ ಎಂದು 'ಬರೆದಿಡಲಾಗುತ್ತಿತ್ತು' ಎಂದು ಬರೆದಿದ್ದಳಂತೆ. ಕನ್ನಡದಲ್ಲಿ ಇದು ಸಭ್ಯತೆ. ಮಾತಿನಲ್ಲೂ ನಾವು 'ನಾನು' ಎನ್ನುವುದನ್ನು ಬಿಡುತ್ತೇವೆ, ಏಕೆಂದರೆ 'ಬರೆದೆ' ಎಂದರೆ ಸಾಕು, ಯಾರು ಎಂಬುದು ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಅದು ಇಲ್ಲ. 'ಐ' ಎಂದು ಹೇಳದಿದ್ದರೆ ಕೆಲಸ ಮಾಡಿದವರು ಕಾಣೆಯಾಗುತ್ತಾರೆ. ನನ್ನ ಮೊದಲ ಅನುವಾದದಲ್ಲಿ ಆಗಿದ್ದೂ ಅದೇ: 'ಅಕೌಂಟ್ಸ್ ವರ್ ಮೇಂಟೇನ್ಡ್' ಎಂದು ಬರೆದಿದ್ದೆ. ಆ ಮನೆಯಲ್ಲಿ ಯಾರೋ ಗುಮಾಸ್ತರಿದ್ದಂತೆ ಕೇಳಿಸುತ್ತಿತ್ತು.

ಆಮೇಲೆ ವಿವರ ಕೇಳಿದೆ. ಎಷ್ಟು ಚೀಟಿ? ಒಂಬತ್ತು ಬೆಳೆಯದು. ಯಾವ ಬೆಳೆಯಿಂದ ಆ ಅರಿವು ಮೂಡಿತು? ಅವಳು ಚೀಲದಿಂದ ನೋಟ್‌ಬುಕ್ಕನ್ನೇ ತೆಗೆದಳು. ಏಪ್ರಿಲ್ ಬೆಳೆಯಲ್ಲಿ 41 ಕಿಲೋ ಗೂಡು, ಕಿಲೋಗೆ 620 ರೂಪಾಯಿ, ಒಟ್ಟು 25,420. ಆಗಸ್ಟ್ ಬೆಳೆಯಲ್ಲಿ 68 ಕಿಲೋ, ಕಿಲೋಗೆ 480, ಒಟ್ಟು 32,640. ಎರಡೂ ಸಲ ಸಾಕಿದ್ದು ನೂರು ನೂರು ಮೊಟ್ಟೆ. ಅವರಪ್ಪ ವರ್ಷವಿಡೀ ಎಲ್ಲರಿಗೂ ಏಪ್ರಿಲ್ ಬೆಳೆಯೇ ಚೆನ್ನಾಗಿತ್ತು ಎಂದು ಹೇಳಿಕೊಂಡು ಬಂದಿದ್ದರು. "ಅಪ್ಪನಿಗೆ ರೇಟು ನೆನಪಿತ್ತು. ತೂಕ ನನ್ನ ಪುಸ್ತಕದಲ್ಲಿತ್ತು" ಎಂದಳು.

"ಇದನ್ನೇ ಬರಿ" ಎಂದೆ. ಆ ಎರಡು ವಾಕ್ಯ ಅವಳ ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ಬರೆಯುವಾಗ ಪುಸ್ತಕದ ಕನ್ನಡ ಬಂದಿತ್ತು, ಮಾತಾಡುವಾಗ ಅವಳದೇ ಕನ್ನಡ ಬಂತು. ಇಂಗ್ಲಿಷಿಗೆ ತರಬೇಕಾದದ್ದು ಈ ಎರಡನೆಯದನ್ನು.

ಇನ್ನೊಂದು ತೊಡಕು ವಾಕ್ಯದ ಉದ್ದದ್ದು. ಅವಳ ಕನ್ನಡದಲ್ಲಿ "ಸೊಪ್ಪು ಕೊಯ್ದು, ತಂದು, ಹುಳುವಿಗೆ ಹಾಕಿ, ಕಾಲೇಜಿಗೆ ಹೊರಟು, ಬಸ್ಸಿನಲ್ಲಿ ಓದಿಕೊಂಡು" ಎಂದು ವಾಕ್ಯ ಸರಪಳಿಯಾಗಿ ಹೋಗುತ್ತಿತ್ತು. ಇದು ನನಗೆ ಹೊಸದಲ್ಲ. ನಮ್ಮ ಮನೆಯ ದಖ್ಖನಿ ಉರ್ದುವಿನಲ್ಲೂ 'ಜಾಕೋ', 'ಲಾಕೋ', 'ಧೋಕೋ' ಎಂದು ಹೀಗೇ ಪೋಣಿಸುತ್ತೇವೆ. ಇಂಗ್ಲಿಷಿಗೆ ಪದಕ್ಕೆ ಪದ ತಂದರೆ 'ಹ್ಯಾವಿಂಗ್ ಕಟ್', 'ಹ್ಯಾವಿಂಗ್ ಬ್ರಾಟ್' ಎಂದು ಹಳೆಯ ಕೋರ್ಟಿನ ಕಾಗದದಂತಾಗುತ್ತದೆ. ಸರಪಳಿಯನ್ನು ಬಿಚ್ಚಿ ಎರಡು ಮೂರು ಸಣ್ಣ ವಾಕ್ಯ ಮಾಡಬೇಕು. ನಮ್ಮ ಭಾಷೆಗಳಲ್ಲಿ ಕಾರಣ ಮೊದಲು ಬಂದು ಮುಖ್ಯ ಮಾತು ಕೊನೆಗೆ ಬರುವುದು ಹೆಚ್ಚು. ಇಂಗ್ಲಿಷಿನಲ್ಲಿ ಬಹಳ ಸಲ ಮುಖ್ಯ ಮಾತು ಮೊದಲು ಬಂದರೆ ಓದು ಸಲೀಸು. ಹಾಗಾಗಿ ಅವಳ ಕನ್ನಡ ವಾಕ್ಯದ ಕೊನೆಯ ಕ್ರಿಯಾಪದಕ್ಕೆ ವೃತ್ತ ಹಾಕಿ, ಇಂಗ್ಲಿಷ್ ವಾಕ್ಯವನ್ನು ಅಲ್ಲಿಂದ ಶುರುಮಾಡುವುದು ನಮ್ಮ ಅಭ್ಯಾಸವಾಯಿತು.

ಈ ಸಲ ಪೆನ್ನು ಅವಳ ಕೈಯಲ್ಲಿತ್ತು. ಅವಳು ಕನ್ನಡದಲ್ಲಿ ಹೇಳುತ್ತಿದ್ದಳು, ತನಗೆ ಬಂದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು, ಪದ ಸಿಗದಿದ್ದರೆ ನನ್ನನ್ನು ಕೇಳುತ್ತಿದ್ದಳು. ಆ ಭಾಗ ಕೊನೆಗೆ ಹೀಗೆ ನಿಂತಿತು. ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ, ಜೋರಾಗಿ ಓದಿ ನೋಡಿ:

"ಐ ಕೆಪ್ಟ್ ದ ಮಾರ್ಕೆಟ್ ಸ್ಲಿಪ್ಸ್ ಫ್ರಮ್ ನೈನ್ ಕ್ರಾಪ್ಸ್. ಮೈ ಫಾದರ್ ಕಾಲ್ಡ್ ದ ಏಪ್ರಿಲ್ ಕ್ರಾಪ್ ಅವರ್ ಬೆಸ್ಟ್, ಬಿಕಾಸ್ ಇಟ್ ಸೋಲ್ಡ್ ಅಟ್ 620 ರುಪೀಸ್ ಎ ಕಿಲೋ. ಬಟ್ ಇಟ್ ವೇಯ್ಡ್ ಓನ್ಲಿ 41 ಕಿಲೋಸ್. ದ ಆಗಸ್ಟ್ ಕ್ರಾಪ್, ಅಟ್ 480, ವೇಯ್ಡ್ 68 ಅಂಡ್ ಬ್ರಾಟ್ ಅಸ್ 7,220 ರುಪೀಸ್ ಮೋರ್. ಮೈ ಫಾದರ್ ರಿಮೆಂಬರ್ಡ್ ದ ಪ್ರೈಸ್. ಐ ಹ್ಯಾಡ್ ದ ವೇಟ್ ಇನ್ ಮೈ ನೋಟ್‌ಬುಕ್."

ಇದರಲ್ಲಿ ಒಂದೂ ಕಷ್ಟದ ಪದವಿಲ್ಲ. ಕೆಪ್ಟ್, ಕಾಲ್ಡ್, ಸೋಲ್ಡ್, ವೇಯ್ಡ್, ಎಲ್ಲ ಪ್ರೌಢಶಾಲೆಯ ಇಂಗ್ಲಿಷೇ. 'ಹಾರ್ಡ್‌ವರ್ಕಿಂಗ್' ಎಂಬ ಪದವೂ ಇಲ್ಲ. ಒಂಬತ್ತು ಬೆಳೆಯ ಚೀಟಿ ಕಾಪಾಡಿಟ್ಟ ಹುಡುಗಿಯನ್ನು ಶ್ರಮಜೀವಿ ಎಂದು ಬೇರೆ ಹೇಳಬೇಕಿಲ್ಲ. ಗಟ್ಟಿ ಇಂಗ್ಲಿಷ್ ಎಂದರೆ ದೊಡ್ಡ ಪದ ಎಂದು ನಾನು ನಂಬಿದ್ದೆ. ಯಾರು ಏನು ಮಾಡಿದರು ಎಂಬುದು ತಪ್ಪದೆ ಕಾಣುವ ಇಂಗ್ಲಿಷೇ ಗಟ್ಟಿ ಎಂದು ಈಗ ಅನ್ನಿಸುತ್ತದೆ.

ಅರ್ಥಶಾಸ್ತ್ರವನ್ನೇ ಏಕೆ ಓದಬೇಕು ಎಂಬ ಮೊದಲ ಪ್ರಶ್ನೆಗೆ ಮಾತ್ರ ಅವಳ ಹಾಳೆಯಲ್ಲಿ ಉತ್ತರವಿರಲಿಲ್ಲ. "ದೇಶದ ಅಭಿವೃದ್ಧಿಗಾಗಿ" ಎಂದಿತ್ತು. ಸುಮ್ಮನೆ ಕೇಳಿದೆ, "ಈ ಆಗಸ್ಟ್ ಲೆಕ್ಕದಲ್ಲಿ ಖರ್ಚು ಎಲ್ಲಾ ಕಳೆದಿದ್ದೀಯಾ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾಲ್ಕನೇ ಜ್ವರ ಎದ್ದಮೇಲೆ ಒಂದು ವಾರ ಹುಳು ಸಿಕ್ಕಾಪಟ್ಟೆ ತಿಂತಾವೆ. ಅಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಸೊಪ್ಪು ಹಾಕ್ತಾಳೆ. ಅದನ್ನ ಯಾವ ಖಾತೆಗೆ ಬರೀಲಿ? ಚೀಟೀಲೂ ಇಲ್ಲ, ನನ್ನ ಪುಸ್ತಕದಲ್ಲೂ ಇಲ್ಲ."

ಅದೇ ಉತ್ತರವಾಯಿತು. ಕೂಲಿಯಾಳಿಗೆ ಕೊಟ್ಟ ಹಣ ಖರ್ಚು, ಅಮ್ಮನ ರಾತ್ರಿಗಳು ಯಾವುದೂ ಅಲ್ಲ. ಇಂಥದ್ದನ್ನು ಲೆಕ್ಕಕ್ಕೆ ತರುವುದು ಹೇಗೆ ಎಂದು ತಿಳಿಯಬೇಕು, ಅದಕ್ಕೇ ಅರ್ಥಶಾಸ್ತ್ರ ಎಂದು ಅವಳು ಬರೆದಳು. ನಾನು ಕೊಟ್ಟದ್ದು 'ಅನ್‌ಪೇಯ್ಡ್' ಎಂಬ ಒಂದು ಪದ ಮಾತ್ರ.

ಕೊನೆಯಲ್ಲಿ ನಾನು ತಿದ್ದಿದ್ದು ಸಣ್ಣ ಸಣ್ಣ ತಪ್ಪುಗಳನ್ನು. 'ಎ' ಮತ್ತು 'ದ' ಬಿಟ್ಟುಹೋದ ಕಡೆ, 'ಡಿಸ್ಕಸ್ ಅಬೌಟ್' ಎಂದಿದ್ದ ಕಡೆ, 'ಸಿನ್ಸ್ ಟೂ ಇಯರ್ಸ್' ಎಂಬುದನ್ನು 'ಫಾರ್ ಟೂ ಇಯರ್ಸ್' ಮಾಡಿದ ಕಡೆ. ನಾವು ಸಾಮಾನ್ಯವಾಗಿ ಇದರಿಂದಲೇ ಶುರುಮಾಡುತ್ತೇವೆ. ಆಗ ತೆಗೆದುಹಾಕಲೇಬೇಕಾದ ವಾಕ್ಯಗಳಿಗೂ ವ್ಯಾಕರಣ ಸರಿಮಾಡುತ್ತಾ ಕೂರುತ್ತೇವೆ. ಮೊದಲು ಸಂಗತಿ, ಆಮೇಲೆ ಅದರ ಕ್ರಮ, ಆಮೇಲೆ ವಾಕ್ಯ, ವ್ಯಾಕರಣ ಕೊನೆಗೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿದೆವು. ಅವಳು ಇಂಗ್ಲಿಷನ್ನು ಜೋರಾಗಿ ಓದಿದಳು. ನಾಲಿಗೆ ತಡವರಿಸಿದ ಪದಕ್ಕೆ ಗುರುತು ಹಾಕಿ, ಅದರ ಬದಲು ಅವಳಿಗೆ ಗೊತ್ತಿರುವ ಪದ ಹಾಕಿದೆವು. ಆಮೇಲೆ ಪ್ರತಿ ಪ್ಯಾರಾಕ್ಕೂ ನಾನು ಎರಡು ಉಪಪ್ರಶ್ನೆ ಕೇಳಿದೆ. ಅವಳಿಗೆ ಉತ್ತರ ಬಾರದ ಕಡೆ ತಪ್ಪು ಬರಹದಲ್ಲಿದೆ ಎಂದು ತೀರ್ಮಾನಿಸಿದೆವು. 'ತರಬೇತಿ' ಹೋಗಿ "ಚಿಕ್ಕಮ್ಮನಿಗೆ ಒಮ್ಮೆ ತೋರಿಸಿದೆ" ಎಂಬುದು ವಾಪಸು ಬಂತು. ಒಟ್ಟು 430 ಪದ ಆಯಿತು. ಐನೂರು ತುಂಬಿಸಬೇಕೇ ಎಂದು ಕೇಳಿದಳು. ಬೇಡ ಎಂದೆ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಈ ಬರಹ ತನ್ನದೇ ಎಂದು ಅರ್ಜಿದಾರರು ಒಪ್ಪಿ ಕಳುಹಿಸುತ್ತಾರೆ. ಯುಕಾಸ್ ಬಂದ ಹೇಳಿಕೆಗಳನ್ನು ಹಿಂದಿನವುಗಳ ಜೊತೆ ಹೋಲಿಸಿ ಸಾಮ್ಯವನ್ನು ಪರೀಕ್ಷಿಸುತ್ತದೆ. ಹಾಗಾಗಿ ಅಣ್ಣ ಅಕ್ಕಂದಿರ ಹಳೆಯ ಹೇಳಿಕೆಯನ್ನು ಹೆಸರು ಬದಲಿಸಿ ಕಳುಹಿಸುವುದು ಅಪಾಯ. ಆದರೆ ಸಿಕ್ಕಿಬೀಳುವ ಭಯಕ್ಕಿಂತ ಮುಖ್ಯವಾದದ್ದು ಬೇರೆ. ನಾನು ಬರೆದುಕೊಟ್ಟರೆ ವಿಶ್ವವಿದ್ಯಾಲಯ ಅಳೆಯುವುದು ನನ್ನ ಇಂಗ್ಲಿಷನ್ನು. ಕೇಳಬಹುದು, ಪದ ಕೊಡಬಹುದು, ವ್ಯಾಕರಣ ತೋರಿಸಬಹುದು. ಹೊಸ ಸಂಗತಿ ಸೇರಿಸುವುದು, ವಾಕ್ಯ ಕಟ್ಟಿಕೊಡುವುದು ಸಲ್ಲದು. ನಾನು ಎಳೆದುಕೊಂಡ ಗೆರೆ ಇದು.

ಈಗ ನನ್ನ ಕೋರಿಕೆ. ನಮ್ಮ ಕಾಲೇಜಿನಲ್ಲಿ ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ಬರುವ, ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ ಓದಿ ಬಂದ ವಿದ್ಯಾರ್ಥಿಗಳು ಬಹಳ. ಇಂಥ ಅರ್ಜಿ ಹಾಕುವಾಗ ಅವರು ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಕೂತು ಎರಡು ಸಾಲಿಗೆ ನಿಲ್ಲುತ್ತಾರೆ, ಇಲ್ಲವೇ ನನ್ನಂಥವರ ಕೈಗೆ ಕೊಟ್ಟುಬಿಡುತ್ತಾರೆ. ಮೊದಲ ಕರಡು ತಮ್ಮ ಭಾಷೆಯಲ್ಲೇ ಇರಲಿ. ಆ ಕರಡನ್ನು ಮೊದಲು ಇಂಗ್ಲಿಷ್ ಉಪನ್ಯಾಸಕರ ಬದಲು ಕನ್ನಡ ಅಥವಾ ಉರ್ದು ಉಪನ್ಯಾಸಕರು ನೋಡಲಿ. 'ಬರೆದಿಡಲಾಗುತ್ತಿತ್ತು' ಎಂಬಲ್ಲಿ "ಯಾರಮ್ಮಾ ಬರೆದಿಟ್ಟದ್ದು?" ಎಂದು ಕೇಳಲು ಅವರಿಗಿಂತ ಚೆನ್ನಾಗಿ ಯಾರಿಗೂ ಬಾರದು. ಇಂಗ್ಲಿಷ್ ಉಪನ್ಯಾಸಕರ ಬಳಿಗೆ ಹೋಗುವುದು ಕೊನೆಯ ಹಂತದಲ್ಲಿ. ಇದಕ್ಕೆ ಹೊಸ ಕೊಠಡಿ ಬೇಡ, ಹಣ ಬೇಡ. ಡಿಸೆಂಬರ್‌ನಿಂದ ವಾರಕ್ಕೊಂದು ಶನಿವಾರ ಗ್ರಂಥಾಲಯದ ಒಂದು ಮೇಜು ಸಾಕು.

ಅವಳಿಗೆ ಸಂದರ್ಶನಕ್ಕೆ ಕರೆ ಬಂತು, ಹೋಗಿಬಂದಳು. ಫಲಿತಾಂಶ ಇನ್ನೂ ಬಂದಿಲ್ಲ. ಏನು ಕೇಳಿದರು ಎಂದೆ. "ಲೆಕ್ಕ ತೋರಿಸಿದ ಮೇಲೆ ಅಪ್ಪ ಒಪ್ಪಿದ್ರಾ ಅಂತ ಕೇಳಿದ್ರು" ಎಂದಳು.

"ನೀನೇನು ಹೇಳಿದೆ?"

"ನೋ ಸರ್, ಹಿ ಸೇಯ್ಸ್ ಏಪ್ರಿಲ್ ಈವನ್ ನೌ ಅಂದೆ. ಎಲ್ಲರೂ ನಕ್ಕರು."

ಆ ವಾಕ್ಯವನ್ನು ನಾನು ಹೇಳಿಕೊಟ್ಟಿರಲಿಲ್ಲ.